ಒಂದೇ ಒತ್ತಿಗೆ ಮನುಷ್ಯ ಮಾಯ, ನೆರಳು ಮಾತ್ರ ಹಾಗೇ ಇದೆ: ಫೋನ್ ಆ್ಯಪ್ ಸಾಕಾ, ಕಂಪ್ಯೂಟರ್ ಬೇಕಾ?

ತುಂಗೆತೀರ

ಎಲ್ಲರಿಗೂ ನಮಸ್ಕಾರ. ಫೋಟೊ ಎಡಿಟಿಂಗ್‌ನಲ್ಲಿ ನಾನು ಹೊಸಬಳು. ಕಳೆದ ತಿಂಗಳು ಅಪ್ಪ ಅಮ್ಮನನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆವು. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಇಬ್ಬರೂ ನಿಂತಿರುವ ಒಂದು ಫೋಟೊ ತುಂಬಾ ಚೆನ್ನಾಗಿ ಬಂದಿದೆ. ಅಪ್ಪ ಕ್ಯಾಮೆರಾ ನೋಡಿ ನಗುವುದೇ ಅಪರೂಪ, ಇದರಲ್ಲಿ ನಕ್ಕಿದ್ದಾರೆ. ಮುಂದಿನ ತಿಂಗಳು ಅವರ 60ನೇ ವರ್ಷದ ಶಾಂತಿ ಇಟ್ಟುಕೊಂಡಿದ್ದೇವೆ. ಅಷ್ಟರೊಳಗೆ ಇದನ್ನು 12x18 ಇಂಚಿಗೆ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಬೇಕು ಅಂತ ನನ್ನ ಆಸೆ.

ತೊಂದರೆ ಏನೆಂದರೆ ಅಮ್ಮನ ಭುಜದ ಹಿಂದೆ, ಫೋಟೊದ ಬಲಗಡೆ, ಹಳದಿ ಟೀ ಶರ್ಟ್ ಹಾಕಿದ ಒಬ್ಬರು ಸೆಲ್ಫಿ ಕೋಲು ಹಿಡಿದು ನಿಂತಿದ್ದಾರೆ. ಸರಿಯಾಗಿ ರಥದ ಚಕ್ರದ ಮುಂದೆ. ಫೋನಿನ ಗ್ಯಾಲರಿಯಲ್ಲೇ ಇರುವ ಎರೇಸರ್‌ನಿಂದ ಅವರ ಮೇಲೆ ಒತ್ತಿದೆ. ಎರಡೇ ಸೆಕೆಂಡಿಗೆ ಮಾಯ! ಖುಷಿಯಾಗಿ ತಂಗಿಗೆ ಕಳಿಸಿದೆ, ಅವಳೂ ಸೂಪರ್ ಅಂದಳು. ರಾತ್ರಿ ಲ್ಯಾಪ್‌ಟಾಪ್‌ಗೆ ಹಾಕಿ ದೊಡ್ಡದು ಮಾಡಿ ನೋಡಿದೆ. ಚಕ್ರದ ಕೆತ್ತನೆ ಅರ್ಧ ಕರಗಿದ ಬೆಲ್ಲದ ಹಾಗೆ ಆಗಿದೆ. ಅಮ್ಮ ಉಟ್ಟಿದ್ದು ಇಳಕಲ್ ಸೀರೆ, ಅದರ ಕೆಂಪು ದಡಿ ಭುಜದ ಹತ್ತಿರ ಒಂದು ಬೆರಳಗಲ ತಿಂದು ಹೋಗಿದೆ. ಮನುಷ್ಯ ಇಲ್ಲ, ಆದರೆ ಅವರ ನೆರಳು ನೆಲದ ಚಪ್ಪಡಿ ಮೇಲೆ ಹಾಗೇ ಉಳಿದಿದೆ. ನೆರಳನ್ನೂ ಅಳಿಸಲು ಹೋದೆ, ಚಪ್ಪಡಿಗಳ ನಡುವಿನ ಗೆರೆಗಳು ಎಲ್ಲೆಲ್ಲಿಗೋ ಹೋದವು.

ಇದೇ ಕೆಲಸ ಕಂಪ್ಯೂಟರ್‌ನಲ್ಲಿ ಮಾಡಿದರೆ ಚೆನ್ನಾಗಿ ಬರುತ್ತದಾ? ದುಡ್ಡು ಕೊಟ್ಟು ಫೋಟೊಶಾಪ್ ಹಾಕಿಸಿಕೊಳ್ಳುವ ಸ್ಥಿತಿಯಲ್ಲಿ ಈಗ ಇಲ್ಲ. 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಇದೆ.

ಪಿಕ್ಸೆಲ್‌ಪುಟ್ಟ

ಮೇಡಂ, ಕಂಪ್ಯೂಟರ್ ಎಲ್ಲಾ ಬೇಡ. ನೀವು ಇಡೀ ಮನುಷ್ಯನನ್ನು ಒಂದೇ ಸಲ ಒತ್ತಿ ತೆಗೆದಿದ್ದೀರಿ, ಅದಕ್ಕೇ ಹೀಗಾಗಿದೆ. ಸ್ವಲ್ಪ ಸ್ವಲ್ಪವೇ ತೆಗೆಯಿರಿ. ಮೊದಲು ಸೆಲ್ಫಿ ಕೋಲು, ಆಮೇಲೆ ತಲೆ, ಆಮೇಲೆ ಮೈ. ಸ್ನ್ಯಾಪ್‌ಸೀಡ್‌ನಲ್ಲಿ ಹೀಲಿಂಗ್ ಅಂತ ಇದೆ, ಅದೂ ಫ್ರೀ. ಝೂಮ್ ಮಾಡಿದಷ್ಟೂ ಬ್ರಷ್ ಚಿಕ್ಕದಾಗುತ್ತದೆ, ಚಿಕ್ಕ ಜಾಗಕ್ಕೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಗೂಗಲ್ ಫೋಟೋಸ್‌ನ ಮ್ಯಾಜಿಕ್ ಎರೇಸರ್ ಕೂಡ 2024ರಿಂದ ಎಲ್ಲರಿಗೂ ಫ್ರೀ. ಮೊದಲು ಪಿಕ್ಸೆಲ್ ಫೋನ್ ಇದ್ದವರಿಗೆ ಮಾತ್ರ ಇತ್ತು.

ಇನ್ನೊಂದು ಮುಖ್ಯ ವಿಷಯ. ಬೆರಳಿನಿಂದ ಬಳಿಯುವಾಗ ಆ ವ್ಯಕ್ತಿಯ ಅಂಚಿಗೆ ಸರಿಯಾಗಿ ಬಳಿಯಿರಿ, ಒಂಚೂರೂ ಹೊರಗೆ ಹೋಗಬಾರದು. ಹೊರಗೆ ಹೋದರೆ ಚೆನ್ನಾಗಿರುವ ಜಾಗವೂ ಹಾಳಾಗುತ್ತದೆ.

ಮಲ್ಲಿಗೆಮೊಗ್ಗು

ನನಗೂ ಇದೇ ಬೇಕಿತ್ತು! ಮಗನ ಪಾಸ್‌ಪೋರ್ಟ್ ಸೈಜ್ ಫೋಟೊ ಮನೆಯಲ್ಲೇ ತೆಗೆದಿದ್ದೇನೆ. ಹಿಂದೆ ಕ್ಯಾಲೆಂಡರ್, ಸ್ವಿಚ್ ಬೋರ್ಡ್ ಎಲ್ಲಾ ಕಾಣುತ್ತಿದೆ. ಎಲ್ಲಾ ತೆಗೆದು ಬಿಳಿ ಮಾಡಲು ಯಾವ ಆ್ಯಪ್ ಒಳ್ಳೆಯದು?

ಪಿಕ್ಸೆಲ್‌ಪುಟ್ಟ

ಅಕ್ಕ, ನಿಮ್ಮದು ಬೇರೆ ಕೆಲಸ. ಇಲ್ಲಿ ಕೇಳುತ್ತಿರುವುದು ಒಂದು ವಸ್ತು ತೆಗೆದು ಅದರ ಹಿಂದಿನದನ್ನು ತುಂಬುವುದು. ನಿಮಗೆ ಬೇಕಾದದ್ದು ಮಗನನ್ನು ಕತ್ತರಿಸಿಕೊಂಡು ಬಿಳಿ ಮೇಲೆ ಇಡುವುದು. ಅದಕ್ಕಿಂತ ಸುಲಭ ಅಂದರೆ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಮಗನನ್ನು ಎರಡು ಹೆಜ್ಜೆ ಮುಂದೆ ನಿಲ್ಲಿಸಿ, ಕಿಟಕಿ ಬೆಳಕಿನಲ್ಲಿ ಮತ್ತೆ ತೆಗೆಯುವುದು. ಕತ್ತರಿಸಿದರೆ ಕಿವಿ, ಕೂದಲಿನ ಸುತ್ತ ಗೊತ್ತಾಗುತ್ತದೆ.

ಕತ್ತಲೆಕೋಣೆ

ತುಂಗೆತೀರ ಅವರೇ, ನಾನು ದಾವಣಗೆರೆಯ ಒಂದು ಸ್ಟುಡಿಯೊದಲ್ಲಿ ಬಹಳ ವರ್ಷ ರಿಟಚಿಂಗ್ ಮಾಡಿದವನು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿದ ಕಾಲದಿಂದ ಈ ಕೆಲಸ ನೋಡಿದ್ದೇನೆ. ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಮೊದಲು ನಿಮ್ಮನ್ನು ಒಂದು ಕೇಳಬೇಕು. ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ತೆಗೆದ ಬೇರೆ ಫೋಟೊ ಇದೆಯಾ? ಅಪ್ಪ ಕಣ್ಣು ಮುಚ್ಚಿದ್ದು, ಅಮ್ಮ ಆ ಕಡೆ ನೋಡಿದ್ದು, ಅಲುಗಾಡಿದ್ದು, ಏನೇ ಇರಲಿ. ಡಿಲೀಟ್ ಮಾಡಿದ್ದರೆ ಗ್ಯಾಲರಿಯ ಕಸದಬುಟ್ಟಿಯಲ್ಲೂ ಹುಡುಕಿ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಆ ಹಳದಿ ಟೀ ಶರ್ಟಿನ ಹಿಂದೆ ಚಕ್ರದ ಕೆತ್ತನೆ ಹೇಗಿತ್ತು ಅನ್ನುವುದು ನಿಮ್ಮ ಫೋಟೊದಲ್ಲಿ ಇಲ್ಲವೇ ಇಲ್ಲ. ಫೋನ್ ಆಗಲಿ ಕಂಪ್ಯೂಟರ್ ಆಗಲಿ, ಇಲ್ಲದ್ದನ್ನು ಊಹಿಸಿ ಬರೆಯುತ್ತದೆ. ಹಿಂದೆ ಆಕಾಶ, ಮರಳು, ಹುಲ್ಲು, ದೂರದ ಗುಡ್ಡ ಇದ್ದರೆ ಊಹೆ ಹೆಚ್ಚುಕಮ್ಮಿ ಆದರೂ ಯಾರಿಗೂ ಗೊತ್ತಾಗುವುದಿಲ್ಲ. ಹುಲ್ಲಿನ ಎಸಳು ಎಲ್ಲಿತ್ತು ಅಂತ ಯಾರು ಲೆಕ್ಕ ಇಡುತ್ತಾರೆ? ಅಂಥ ಕಡೆ ಒಂದು ಒತ್ತಿನ ಆ್ಯಪ್‌ಗಳು ನಿಜಕ್ಕೂ ಚೆನ್ನ. ನಾನು ಅರ್ಧ ಗಂಟೆ ಕೂತು ಮಾಡುವ ಕೆಲಸವನ್ನು ಎರಡು ಸೆಕೆಂಡಿಗೆ ಮಾಡುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಕ್ರಕ್ಕೆ ಒಂದು ಲೆಕ್ಕ ಇದೆ. ವೃತ್ತದೊಳಗೆ ವೃತ್ತ, ಅದರಲ್ಲಿ ಹೂಬಳ್ಳಿ. ಸೀರೆಯ ದಡಿಗೂ ಲೆಕ್ಕ ಇದೆ, ಚಪ್ಪಡಿಯ ಗೆರೆಗೂ ಇದೆ. ಒಂದು ಎಳೆ ತಪ್ಪಿದರೂ ನೋಡುವವರ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ.

ಪಿಕ್ಸೆಲ್‌ಪುಟ್ಟ ಅವರು ಹೇಳಿದ್ದರಲ್ಲಿ ಅರ್ಧ ಸರಿ. ತುಂಡು ತುಂಡಾಗಿ ತೆಗೆದರೆ ಕೆಲವು ಸಲ ಚೆನ್ನಾಗಿ ಬರುತ್ತದೆ, ಅದರಲ್ಲೂ ಸೆಲ್ಫಿ ಕೋಲಿನಂಥ ತೆಳುವಾದದ್ದು. ಆದರೆ ಮನುಷ್ಯನ ಮೈಯನ್ನು ತುಂಡು ಮಾಡಿದರೆ ಪಕ್ಕದಲ್ಲಿ ಉಳಿದ ಹಳದಿ ಬಣ್ಣವನ್ನೇ ನೋಡಿ ಅದು ಹಳದಿಯನ್ನೇ ತುಂಬುತ್ತದೆ. ಅಂಚಿಗೆ ಸರಿಯಾಗಿ ಬಳಿಯಿರಿ ಅನ್ನುವ ಮಾತು ಒಪ್ಪುವಂಥದ್ದಲ್ಲ. ಫೋಟೊದಲ್ಲಿ ಯಾವ ಅಂಚೂ ಬ್ಲೇಡಿನಲ್ಲಿ ಕೊಯ್ದ ಹಾಗೆ ಇರುವುದಿಲ್ಲ. ಟೀ ಶರ್ಟಿನ ಹಳದಿ ಎರಡು ಮೂರು ಪಿಕ್ಸೆಲ್ ಆಚೆಗೂ ಹರಡಿರುತ್ತದೆ. ಸರಿಯಾಗಿ ಅಂಚಿಗೆ ನಿಲ್ಲಿಸಿದರೆ ಆ ಹಳದಿ ಎಳೆ ಉಳಿಯುತ್ತದೆ, ಮನುಷ್ಯ ಹೋದ ಮೇಲೂ ಅವನ ಆಕಾರದ ಗೆರೆ ಕಾಣುತ್ತದೆ. ಕಲ್ಲಿನ ಕಡೆ ಸ್ವಲ್ಪ ಧಾರಾಳವಾಗಿ ಹೊರಗೆ ಬಳಿಯಬೇಕು. ಅಮ್ಮನ ಭುಜದ ಕಡೆ ಮಾತ್ರ ಬಿಗಿ. ಬೆರಳಿನಲ್ಲಿ ಈ ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ, ನಿಮ್ಮ ಅಮ್ಮನ ದಡಿ ಹೋಗಿದ್ದು ಅಲ್ಲೇ.

ಪಿಕ್ಸೆಲ್‌ಪುಟ್ಟ

ಸರ್, ಅಂಚಿನ ವಿಷಯ ಒಪ್ಪಿದೆ. ನಾನು ಹೆಚ್ಚಾಗಿ ಬೀಚ್ ಫೋಟೊಗಳಲ್ಲೇ ಮಾಡಿದ್ದು, ಅಲ್ಲಿ ಹಾಗೆ ಕಂಡಿರಲಿಲ್ಲ. ಆದರೆ ಇನ್ನೊಂದು ಹೇಳುತ್ತೇನೆ. ಈಗಿನ ಹೊಸ ಫೋನ್‌ಗಳಲ್ಲಿ ಬರುವ ಎಐ ಎಡಿಟರ್ ಬೇರೆ ಮಟ್ಟದ್ದು. ನನ್ನ ಗೆಳೆಯನ ಫೋನ್‌ನಲ್ಲಿ ನೋಡಿದ್ದೇನೆ, ಅದು ಚಕ್ರವನ್ನೂ ಪೂರ್ತಿ ಬರೆಯುತ್ತದೆ, ಮುದ್ದೆ ಮಾಡುವುದಿಲ್ಲ.

ಕತ್ತಲೆಕೋಣೆ

ಬರೆಯುತ್ತದೆ, ನಿಜ. ಕಣ್ಣಿಗೆ ಒಪ್ಪುವ ಹಾಗೇ ಬರೆಯುತ್ತದೆ. ಆದರೆ ಅದು ಹಂಪಿಯ ಚಕ್ರ ಆಗಿರುವುದಿಲ್ಲ, ಎಲ್ಲೋ ನೋಡಿದ ಸಾವಿರ ಚಕ್ರಗಳ ಹಾಗಿರುವ ಒಂದು ಚಕ್ರ. ಈ ರಥ 50 ರೂಪಾಯಿ ನೋಟಿನ ಹಿಂದೆ ಇದೆ. ಕರ್ನಾಟಕದಲ್ಲಿ ಇದನ್ನು ಗುರುತಿಸದವರು ಕಡಿಮೆ. ಬೇಲೂರು, ಹಳೇಬೀಡು, ಹಂಪಿಯ ಕೆತ್ತನೆ ಅಂದರೆ ನನಗೆ ಬಹಳ ಅಭಿಮಾನ. ಇಲ್ಲದ ಹೂವನ್ನು ಆ ಕಲ್ಲಿನ ಮೇಲೆ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ. ಇನ್ನೊಬ್ಬರಿಗೆ ಪರವಾಗಿಲ್ಲ ಅನ್ನಿಸಬಹುದು, ಅದು ಅವರ ಇಷ್ಟ.

ಬಯಲುಸೀಮೆ

ನಂದೂ ಒಂದಿದೆ, ಇಲ್ಲೇ ಕೇಳಿಬಿಡುತ್ತೇನೆ. ನಮ್ಮ ಅಜ್ಜಿಯದು ಇರುವುದು ಒಂದೇ ಫೋಟೊ. ಗೋಡೆ ಮೇಲೆ ಗಾಜಿನ ಕಟ್ಟಿನಲ್ಲಿದೆ. ಫೋನಿನಲ್ಲಿ ಅದರ ಫೋಟೊ ತೆಗೆದರೆ ಟ್ಯೂಬ್‌ಲೈಟಿನ ಬಿಳಿ ಪಟ್ಟಿ ಅಜ್ಜಿಯ ಕೆನ್ನೆ ಮೇಲೆ ಬರುತ್ತದೆ. ಎರೇಸರ್ ಹಾಕಿದೆ. ಪಟ್ಟಿ ಹೋಯಿತು. ಕೆನ್ನೆ ಮೇಲಿದ್ದ ಮಚ್ಚೆಯೂ ಹೋಯಿತು. ಮೂಗುತಿಯ ಜಾಗದಲ್ಲಿ ಏನೋ ಒಂದು ಚುಕ್ಕೆ. ಅಮ್ಮ ನೋಡಿ "ಇದು ನಮ್ಮವ್ವನ ಮುಖ ಅಲ್ಲ" ಅಂದಳು. ಅವತ್ತಿನಿಂದ ಅದನ್ನು ತೆರೆದೇ ಇಲ್ಲ.

ಕತ್ತಲೆಕೋಣೆ

ನಿಮ್ಮ ಅಮ್ಮ ಸರಿಯಾಗಿ ಹೇಳಿದ್ದಾರೆ. ಮುಖದ ಮೇಲೆ ಎರೇಸರ್ ಹಾಕಲೇಬೇಡಿ. ಅಳಿಸಿದ ಜಾಗದಲ್ಲಿ ಅದು ತನಗೆ ತೋಚಿದ ಕೆನ್ನೆಯನ್ನು ಬರೆಯುತ್ತದೆ.

ನಿಮ್ಮದಕ್ಕೆ ಎಡಿಟಿಂಗ್ ಬೇಕಾಗಿಲ್ಲ, ಮತ್ತೆ ಫೋಟೊ ತೆಗೆಯಬೇಕು ಅಷ್ಟೇ. ಕಟ್ಟನ್ನು ಗೋಡೆಯಿಂದ ಇಳಿಸಿ ಹಗಲು ಹೊತ್ತು ಕಿಟಕಿ ಪಕ್ಕ ನಿಲ್ಲಿಸಿ. ಬೆಳಕು ಪಕ್ಕದಿಂದ ಬರಲಿ. ಮನೆಯ ಲೈಟ್, ಫ್ಲ್ಯಾಶ್ ಎರಡೂ ಆರಿಸಿ. ನಿಮ್ಮ ಬೆನ್ನ ಹಿಂದೆ ಒಂದು ಕಪ್ಪು ಬಟ್ಟೆ ಕಟ್ಟಿ, ಕಪ್ಪು ಕಂಬಳಿ ಆದರೂ ಸರಿ. ಗಾಜಿನಲ್ಲಿ ಕಾಣುವುದು ನಿಮ್ಮ ಹಿಂದೆ ಇರುವುದೇ, ಅದು ಕಪ್ಪಾಗಿದ್ದರೆ ಗಾಜಿನಲ್ಲಿ ಏನೂ ಕಾಣುವುದಿಲ್ಲ. ಸ್ವಲ್ಪ ದೂರ ನಿಂತು 2x ಝೂಮ್‌ನಲ್ಲಿ ತೆಗೆಯಿರಿ. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಎಳೆದು ಬಿಡಿಸಲು ಹೋಗಬೇಡಿ, ಮುಖದ ಮೇಲಿನ ಪದರವೇ ಗಾಜಿನಲ್ಲಿ ಉಳಿದುಬಿಡುತ್ತದೆ.

ತುಂಗೆತೀರ

ಸಿಕ್ಕಿತು ಸರ್! ತಂಗಿ ಒಟ್ಟು ನಾಲ್ಕು ತೆಗೆದಿದ್ದಳು. ಎರಡನೆಯದರಲ್ಲಿ ಅಪ್ಪ ಮಾತಾಡುತ್ತಿದ್ದಾರೆ, ಅದಕ್ಕೇ ಬಿಟ್ಟಿದ್ದೆವು. ಅದರಲ್ಲಿ ಹಳದಿ ಶರ್ಟಿನವರು ಆಗಲೇ ರಥದ ಎಡಕ್ಕೆ ಹೋಗಿದ್ದಾರೆ, ಬಲಗಡೆ ಚಕ್ರ ಪೂರ್ತಿ ಕಾಣುತ್ತದೆ. ಆದರೆ ತಂಗಿ ಅಷ್ಟರಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದಾಳೆ ಅನಿಸುತ್ತದೆ. ಎರಡು ಫೋಟೊ ಒಂದೇ ಥರ ಇಲ್ಲ. ನಡೆಯುತ್ತದಾ? ಲ್ಯಾಪ್‌ಟಾಪ್‌ಗೆ ಹಾಕಿಕೊಂಡಿದ್ದೇನೆ, ತಂಗಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಳು.

ಕತ್ತಲೆಕೋಣೆ

ನಡೆಯುತ್ತದೆ, ಖಂಡಿತ ನಡೆಯುತ್ತದೆ. ಅದಕ್ಕೂ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಪಕ್ಕಕ್ಕಿಡಿ. ಮಾಮೂಲಿಯಾಗಿ ಕಳಿಸಿದರೆ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿದುಬಿಡುತ್ತದೆ. 18 ಇಂಚಿಗೆ ಹರಡಿದರೆ ಇಂಚಿಗೆ 90 ಪಿಕ್ಸೆಲ್ ಕೂಡ ಬರುವುದಿಲ್ಲ. ಫೋನಿನಲ್ಲಿರುವ ಮೂಲ ಫೈಲ್ 12 ಮೆಗಾಪಿಕ್ಸೆಲ್ ಆಗಿದ್ದರೆ ಉದ್ದದ ಬದಿ 4000 ಇರುತ್ತದೆ, ಇಂಚಿಗೆ 222 ಸಿಗುತ್ತದೆ. ಗೋಡೆ ಮೇಲಿನ ಕಟ್ಟಿಗೆ ಅದು ಧಾರಾಳ ಸಾಕು. ಎರಡೂ ಫೋಟೊ ಕೇಬಲ್ ಹಾಕಿ ತೆಗೆದುಕೊಳ್ಳಿ, ಅಥವಾ ವಾಟ್ಸ್‌ಆ್ಯಪ್‌ನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಎರೇಸರ್ ಹಾಕಿದ ಪ್ರತಿ ಬೇಡ, ಮುಟ್ಟದೆ ಇರುವ ಮೂಲವೇ ಬೇಕು. ನೀವು ಫೋನಿನಲ್ಲಿ ನೋಡಿದಾಗ ತಪ್ಪು ಕಾಣಲಿಲ್ಲ ಅಂದಿರಲ್ಲ, ಅದಕ್ಕೂ ಇದೇ ಕಾರಣ. ಅಂಗೈಯಷ್ಟು ಪರದೆಯಲ್ಲಿ ಫೋಟೊ ಪೂರ್ತಿ ಗಾತ್ರದಲ್ಲಿ ಕಾಣುವುದೇ ಇಲ್ಲ.

ಇನ್ನು ಹೆಜ್ಜೆ ಸರಿದ ವಿಷಯ. ಹತ್ತಿರದ್ದು ಜಾಸ್ತಿ ಸರಿದಿರುತ್ತದೆ, ದೂರದ್ದು ಕಡಿಮೆ. ಹಾಗಾಗಿ ಇಡೀ ಫೋಟೊವನ್ನು ಇನ್ನೊಂದರ ಮೇಲೆ ಕೂರಿಸಲು ಹೋದರೆ ಯಾವತ್ತೂ ಕೂರುವುದಿಲ್ಲ. ಬೇಡವೂ ಬೇಡ. ನಿಮಗೆ ಬೇಕಾಗಿರುವುದು ಒಂದು ಚಕ್ರ ಮಾತ್ರ, ಅದು ಹೆಚ್ಚುಕಮ್ಮಿ ಚಪ್ಪಟೆ. ಅದನ್ನಷ್ಟೇ ಕೂರಿಸಿದರೆ ಸಾಕು.

ಗಿಂಪ್ ಅನ್ನುವ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಇಳಿಸಿಕೊಳ್ಳಿ, ಪೂರ್ತಿ ಫ್ರೀ. ಅಪ್ಪ ನಕ್ಕಿರುವ ಫೋಟೊ ತೆರೆಯಿರಿ. ಆಮೇಲೆ `File > Open as Layers` ಅಂತ ಕೊಟ್ಟು ಎರಡನೆಯದನ್ನು ಅದರ ಮೇಲೆ ಇನ್ನೊಂದು ಪದರವಾಗಿ, ಅಂದರೆ ಲೇಯರ್ ಆಗಿ ತನ್ನಿ. ಬಲಗಡೆ ಲೇಯರ್ ಪಟ್ಟಿಯ ಮೇಲ್ಭಾಗದಲ್ಲಿ `Mode` ಇರುತ್ತದೆ, ಅದನ್ನು `Difference` ಮಾಡಿ. ಈಗ ಚಿತ್ರ ವಿಚಿತ್ರವಾಗಿ ಕಪ್ಪು ಕಪ್ಪಾಗಿ ಕಾಣುತ್ತದೆ, ಗಾಬರಿ ಬೇಡ. ಎರಡೂ ಎಲ್ಲಿ ಸರಿಯಾಗಿ ಕೂತಿವೆಯೋ ಅಲ್ಲಿ ಕಪ್ಪು, ಎಲ್ಲಿ ತಪ್ಪಿದೆಯೋ ಅಲ್ಲಿ ಬೆಳ್ಳನೆಯ ಅಂಚು. `Shift+T` ಒತ್ತಿ ಮೇಲಿನ ಲೇಯರನ್ನು ಎಳೆಯುತ್ತಾ, ಬೇಕಾದರೆ ಒಂಚೂರು ತಿರುಗಿಸುತ್ತಾ, ಕಾಣುವಷ್ಟು ಚಕ್ರ ಕಪ್ಪಾಗುವವರೆಗೆ ಕೂರಿಸಿ. ಉಳಿದದ್ದು ಏನಾದರೂ ಆಗಲಿ, ಚಕ್ರದ ಮೇಲೆ ಮಾತ್ರ ಕಣ್ಣಿರಲಿ. ಆಮೇಲೆ `Mode` ಮತ್ತೆ `Normal`.

ಈಗ ಮೇಲಿನ ಲೇಯರಿಗೆ `Layer > Mask > Add Layer Mask` ಕೊಟ್ಟು ಅದರಲ್ಲಿ `Black` ಆರಿಸಿ. ಎರಡನೇ ಫೋಟೊ ಪೂರ್ತಿ ಮರೆಯಾಗುತ್ತದೆ. ಬಿಳಿ ಬಣ್ಣದ ಬ್ರಷ್ ತೆಗೆದುಕೊಂಡು ಹಳದಿ ಟೀ ಶರ್ಟಿನ ಮೇಲೆ ಬಳಿಯಿರಿ. ಬಳಿದಲ್ಲೆಲ್ಲ ನಿಜವಾದ ಚಕ್ರ ಮೇಲೆ ಬರುತ್ತದೆ. ಮಂಜು ಹಿಡಿದ ಗಾಜನ್ನು ಒರೆಸಿದ ಹಾಗೆ ಇರುತ್ತದೆ. ಜಾಸ್ತಿ ಬಳಿದು ಅಮ್ಮನ ಭುಜದ ಮೇಲೆ ಹೋದರೆ ಹೆದರಬೇಡಿ, ಕಪ್ಪು ಬಣ್ಣ ತೆಗೆದುಕೊಂಡು ಅಲ್ಲೇ ಬಳಿದರೆ ಸೀರೆ ವಾಪಸ್. ಏನೂ ಅಳಿಸಿರುವುದಿಲ್ಲ. ಭುಜದ ಅಂಚಿನಲ್ಲಿ ಚಿತ್ರವನ್ನು 200% ದೊಡ್ಡದು ಮಾಡಿಕೊಂಡು ಚಿಕ್ಕ ಬ್ರಷ್ ಬಳಸಿ. ಬ್ರಷ್‌ನ `Hardness` 70 ಆಸುಪಾಸು ಇರಲಿ. ಪೂರ್ತಿ ಗಟ್ಟಿ ಅಂಚು ಇಟ್ಟರೆ ಅಮ್ಮನನ್ನು ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಾರೆ.

ನೆರಳಿನ ಬಗ್ಗೆ ನಾಳೆ ಬರೆಯುತ್ತೇನೆ. ಅದು ಬೇರೆಯೇ ಕೆಲಸ.

ಹಕ್ಕಿಹಾದಿ

ನಾನು ಹಕ್ಕಿ ಫೋಟೊ ತೆಗೆಯುವವನು, ನನ್ನ ಅನುಭವ ಒಂದು ಹೇಳುತ್ತೇನೆ. ಮಿಂಚುಳ್ಳಿಯ ಕೊಕ್ಕಿನ ಮುಂದೆ ಒಂದು ಕಡ್ಡಿ ಅಡ್ಡ ಬಂದಿತ್ತು. ಹಿಂದೆ ಎಲ್ಲಾ ಮಸುಕಾದ ಹಸಿರು. ಫೋನಿನಲ್ಲೇ ಒಂದು ಸಲ ಎಳೆದೆ, ಕೊಕ್ಕಿಗೆ ತಾಗದ ಕಡೆ ಎಲ್ಲಾ ಎಷ್ಟು ನೀಟಾಗಿ ಹೋಯಿತು ಅಂದರೆ ನನಗೇ ಕಡ್ಡಿ ಎಲ್ಲಿತ್ತು ಅಂತ ಹುಡುಕಬೇಕಾಯಿತು. ಕೊಕ್ಕಿನ ಮೇಲೆ ಹಾದು ಹೋದ ಅರ್ಧ ಇಂಚು ಮಾತ್ರ ಕೈಕೊಟ್ಟಿತು, ಕೊಕ್ಕು ಸೊಟ್ಟಗಾಯಿತು. ಮಸುಕು ಹಿನ್ನೆಲೆ ಇದ್ದರೆ ಫೋನ್ ಸಾಕು ಅನ್ನುವುದಕ್ಕೆ ಇದೇ ಸಾಕ್ಷಿ.

ಆದರೆ ಪಿಎಸ್ಎ, ಎಫ್ಐಎಪಿ ಅನ್ನುವ ಫೋಟೊಗ್ರಫಿ ಸಂಸ್ಥೆಗಳ ನಿಯಮದಂತೆ ನಡೆಯುವ ಸಲಾನ್ ಸ್ಪರ್ಧೆಗಳ ನೇಚರ್ ವಿಭಾಗಕ್ಕೆ ಕಳಿಸುವುದಿದ್ದರೆ ಒಂದು ಕಡ್ಡಿಯನ್ನೂ ತೆಗೆಯುವ ಹಾಗಿಲ್ಲ. ಕ್ರಾಪ್ ಮಾಡಬಹುದು, ಅಳಿಸುವಂತಿಲ್ಲ. ಹೊಸಬರು ಇದನ್ನು ತಿಳಿಯದೆ ಕಳಿಸಿ, ಮೂಲ ಫೈಲ್ ಕೇಳಿದಾಗ ಸಿಕ್ಕಿಕೊಳ್ಳುತ್ತಾರೆ.

ಪಿಕ್ಸೆಲ್‌ಪುಟ್ಟ

ಒಂದು ಕಡ್ಡಿಯಿಂದ ಏನಾಗುತ್ತದೆ? ಹಕ್ಕಿ ಅದೇ ಅಲ್ವಾ? ಕ್ರಾಪ್ ಮಾಡಿ ತೆಗೆಯಬಹುದು, ಬ್ರಷ್‌ನಿಂದ ತೆಗೆಯಬಾರದು ಅಂದರೆ ನನಗೆ ಅರ್ಥ ಆಗುವುದಿಲ್ಲ.

ಹಕ್ಕಿಹಾದಿ

ಕ್ರಾಪ್ ಮಾಡಿದಾಗ ಉಳಿದದ್ದೆಲ್ಲ ಅಲ್ಲಿ ನಿಜವಾಗಿ ಇದ್ದದ್ದು. ಬ್ರಷ್‌ನಿಂದ ತೆಗೆದರೆ ಆ ಜಾಗದಲ್ಲಿ ಇರುವುದು ಯಾರೂ ನೋಡದ ಹಸಿರು. ಮನೆಯ ಗೋಡೆಗೆ ಹಾಕಿಕೊಳ್ಳಲು ನಾನೂ ತೆಗೆಯುತ್ತೇನೆ. ಸ್ಪರ್ಧೆಗೆ ತೆಗೆಯುವುದಿಲ್ಲ.

ಪಿಕ್ಸೆಲ್‌ಪುಟ್ಟ

ನಾನಿನ್ನೂ ಒಪ್ಪಿಲ್ಲ, ಆದರೆ ಇಲ್ಲಿ ಬೇಡ, ತುಂಗೆತೀರ ಅವರ ಕೆಲಸ ಮುಗಿಯಲಿ. ಅಂದ ಹಾಗೆ ಮೋಷನ್ ಫೋಟೊ ಆನ್ ಇದ್ದರೆ ಅದರಿಂದಲೂ ಬೇರೆ ಫ್ರೇಮ್ ತೆಗೆದುಕೊಳ್ಳಬಹುದಲ್ವಾ ಸರ್? ಹಳದಿ ಶರ್ಟ್ ನಡೆದು ಹೋಗುವುದು ಅದರಲ್ಲೇ ಸಿಗಬಹುದು.

ಕತ್ತಲೆಕೋಣೆ

ಒಳ್ಳೆಯ ಯೋಚನೆ. ಏನೂ ಇಲ್ಲದಿದ್ದಾಗ ಅದೂ ದಾರಿ. ಆದರೆ ಅದು ವಿಡಿಯೊದ ಫ್ರೇಮ್. ಸಾಮಾನ್ಯವಾಗಿ ಫೋಟೊಗಿಂತ ಚಿಕ್ಕದಿರುತ್ತದೆ, ಎಳೆದು ಹಿಗ್ಗಿಸಿದರೆ ಮಸುಕು. ದೂರದ ಗುಡ್ಡಕ್ಕೆ ಆದೀತು, ಕೆತ್ತನೆಗೆ ಆಗುವುದಿಲ್ಲ.

ಈಗ ನೆರಳು. ತುಂಗೆತೀರ ಅವರೇ, ನೀವು ನೆರಳನ್ನೂ ಒಂದು ವಸ್ತು ಅಂದುಕೊಂಡು ಅಳಿಸಿದ್ದೀರಿ, ಆ್ಯಪ್ ಕೂಡ ಹಾಗೇ ಅಂದುಕೊಂಡು ಕೆಳಗಿದ್ದ ಚಪ್ಪಡಿಯನ್ನು ಕಿತ್ತು ಹೊಸ ಚಪ್ಪಡಿ ಹಾಕಿದೆ. ಆದರೆ ನೆರಳಿನ ಕೆಳಗೆ ಕಲ್ಲು ಇದೆಯಲ್ಲ! ಗೆರೆ, ಕಲೆ, ಉಳಿ ಗುರುತು ಎಲ್ಲಾ ಅಲ್ಲೇ ಇದೆ, ಬೆಳಕು ಮಾತ್ರ ಕಡಿಮೆ. ಟೀ ಶರ್ಟಿನ ಹಿಂದೆ ಏನಿತ್ತು ಅಂತ ಗೊತ್ತಿರಲಿಲ್ಲ, ನೆರಳಿನ ಕೆಳಗೆ ಏನಿದೆ ಅಂತ ಕಣ್ಣಿಗೇ ಕಾಣುತ್ತದೆ. ಆದ್ದರಿಂದ ಅಳಿಸಬೇಡಿ, ಬೆಳಗಿಸಿ.

ಕೆಳಗಿನ ಲೇಯರನ್ನು ಆರಿಸಿಕೊಂಡು ಅದರ ಒಂದು ನಕಲು ಮಾಡಿ. `F` ಒತ್ತಿ ನೆರಳಿನ ಸುತ್ತ ಗೆರೆ ಎಳೆಯಿರಿ. `Select > Feather` ಕೊಟ್ಟು 10 ಪಿಕ್ಸೆಲ್ ಇಡಿ, ನೆರಳಿನ ಅಂಚು ಮೆದುವಾಗಿರುವುದರಿಂದ ಆಯ್ಕೆಯ ಅಂಚೂ ಮೆದುವಾಗಿರಬೇಕು. `Colors > Curves` ತೆರೆದು ಗೆರೆಯ ಮಧ್ಯಭಾಗವನ್ನು ನಿಧಾನವಾಗಿ ಮೇಲೆ ಎತ್ತಿ. ಪಕ್ಕದ ಬಿಸಿಲು ಬಿದ್ದ ಚಪ್ಪಡಿಯಷ್ಟೇ ಬೆಳಕು ಬಂದಾಗ ನಿಲ್ಲಿಸಿ. ಆಗ ಒಂದು ಗಮನಿಸುತ್ತೀರಿ, ಆ ಜಾಗ ಸ್ವಲ್ಪ ನೀಲಿ ನೀಲಿ ಕಾಣುತ್ತದೆ. ನೆರಳಿಗೆ ಬಿಸಿಲು ಬೀಳುವುದಿಲ್ಲ, ಆಕಾಶದ ಬೆಳಕು ಮಾತ್ರ ಬೀಳುತ್ತದೆ, ಅದಕ್ಕೇ ನೀಲಿ. ಅದೇ ಕಿಟಕಿಯಲ್ಲಿ `Channel` ಅನ್ನು `Blue` ಮಾಡಿ ಒಂಚೂರು ಕೆಳಗೆ ಎಳೆಯಿರಿ. ಸರಿಹೋಗುತ್ತದೆ.

ಇಷ್ಟಾದ ಮೇಲೂ ನೆರಳಿನ ಅಂಚಿದ್ದ ಕಡೆ ಒಂದು ತೆಳು ಗೆರೆ ಉಳಿಯುತ್ತದೆ. ಅದಕ್ಕೆ ಮೊದಲು `Ctrl+Shift+A` ಒತ್ತಿ ಆಯ್ಕೆ ಬಿಡಿಸಿ, ಆಮೇಲೆ `H` ಒತ್ತಿ ಹೀಲ್ ಬ್ರಷ್ ತೆಗೆದುಕೊಳ್ಳಿ. ಪಕ್ಕದ ಒಳ್ಳೆಯ ಕಲ್ಲಿನ ಮೇಲೆ `Ctrl` ಹಿಡಿದು ಒಮ್ಮೆ ಒತ್ತಿ, ಆಮೇಲೆ ಗೆರೆಯ ಮೇಲೆ ಚಿಕ್ಕ ಚಿಕ್ಕದಾಗಿ ಒತ್ತುತ್ತಾ ಹೋಗಿ. ಚಪ್ಪಡಿಗಳ ಸಂದು ಸಿಕ್ಕ ಕಡೆ ಹೀಲ್ ಬೇಡ. ಅದು ಸುತ್ತಲಿನ ಬಣ್ಣ ಎಳೆದುಕೊಳ್ಳುತ್ತದೆ, ಕಪ್ಪು ಸಂದಿನ ಪಕ್ಕ ಬಳಸಿದರೆ ಮಸಿ ಒರೆಸಿದ ಹಾಗೆ ಆಗುತ್ತದೆ. ಅಲ್ಲಿ `C`, ಅಂದರೆ ಕ್ಲೋನ್. ಅದು ಇದ್ದದ್ದನ್ನು ಇದ್ದ ಹಾಗೇ ತಂದು ಇಡುತ್ತದೆ. ಸಂದಿನ ಮೇಲೇ `Ctrl` ಒತ್ತಿ, ಅದೇ ಸಂದಿನ ಮುಂದಿನ ಭಾಗದ ಮೇಲೆ ಶುರು ಮಾಡಿ.

ಬಯಲುಸೀಮೆ

ಸರ್, ಕಿಟಕಿ ಪಕ್ಕ ಇಟ್ಟು, ಹಿಂದೆ ಕಪ್ಪು ಕಂಬಳಿ ಕಟ್ಟಿ ತೆಗೆದೆ. ಪಟ್ಟಿ ಇಲ್ಲ, ಏನೂ ಇಲ್ಲ. ಮಚ್ಚೆ ಇದೆ. ಅಮ್ಮನಿಗೆ ತೋರಿಸಿದೆ, ಫೋನ್ ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ನಿಮಗೆ ಎಷ್ಟು ಹೇಳಿದರೂ ಕಡಿಮೆ.

ಮಲ್ಲಿಗೆಮೊಗ್ಗು

ಬೆಡ್‌ಶೀಟ್ ಉಪಾಯ ಕೆಲಸ ಮಾಡಿತು, ಥ್ಯಾಂಕ್ಸ್. ಸುಮ್ನೆ ಮೂರು ಆ್ಯಪ್ ಹಾಕಿಕೊಂಡಿದ್ದೆ. ಒಂದು ಪ್ರಶ್ನೆ. ಗೂಗಲ್‌ನಲ್ಲಿ ಹುಡುಕಿದರೆ ಫೋಟೊ ಅಪ್‌ಲೋಡ್ ಮಾಡಿ, ನಾವೇ ತೆಗೆದುಕೊಡುತ್ತೇವೆ ಅನ್ನುವ ವೆಬ್‌ಸೈಟ್‌ಗಳು ಬರುತ್ತವಲ್ಲ, ಅವನ್ನು ಬಳಸಬಹುದಾ?

ಹಕ್ಕಿಹಾದಿ

ಮಗನ ಫೋಟೊ, ಮನೆಯವರ ಫೋಟೊ ಹಾಕಬೇಡಿ ಅನ್ನುತ್ತೇನೆ. ಅದು ಅವರ ಸರ್ವರ್‌ಗೆ ಹೋಗುತ್ತದೆ, ಆಮೇಲೆ ಏನಾಗುತ್ತದೆ ಅಂತ ನಮ್ಮ ಕೈಯಲ್ಲಿಲ್ಲ. ಬಹಳಷ್ಟು ಕಡೆ ಫ್ರೀ ಅಂದರೆ ಚಿಕ್ಕ ಗಾತ್ರದ್ದು ಮಾತ್ರ ವಾಪಸ್ ಕೊಡುತ್ತಾರೆ, ದೊಡ್ಡದಕ್ಕೆ ದುಡ್ಡು. ಗಿಂಪ್ ನಿಮ್ಮ ಕಂಪ್ಯೂಟರ್‌ನಲ್ಲೇ ಕೆಲಸ ಮಾಡುತ್ತದೆ, ಇಂಟರ್ನೆಟ್ ಬೇಕಾಗಿಲ್ಲ.

ತುಂಗೆತೀರ

ನಾಲ್ಕು ದಿನ ಆಯಿತು, ದಿನಾ ರಾತ್ರಿ ಒಂದೊಂದು ಗಂಟೆ ಕೂತೆ. ಈಗ ಹೇಳುತ್ತೇನೆ ಕೇಳಿ.

ಚಕ್ರ ಕೂತಿತು. ಮೊದಲ ದಿನ ಕೂರಲೇ ಇಲ್ಲ, ಯಾಕೆಂದರೆ ನಾನು ಅಪ್ಪನ ಮುಖವೂ ಕಪ್ಪಾಗಬೇಕು ಅಂತ ಎಳೆದಾಡುತ್ತಿದ್ದೆ. ನೀವು ಚಕ್ರ ಮಾತ್ರ ಅಂದಿದ್ದನ್ನು ಮತ್ತೆ ಓದಿ ಬಂದೆ, ಹತ್ತು ನಿಮಿಷಕ್ಕೆ ಕೂತಿತು. ಬಿಳಿ ಬ್ರಷ್ ಬಳಿದಾಗ ಟೀ ಶರ್ಟಿನ ಕೆಳಗಿಂದ ನಿಜವಾದ ಕೆತ್ತನೆ ಎದ್ದು ಬಂತಲ್ಲ, ಆ ಹೊತ್ತಿನಲ್ಲಿ ನಾನು ಒಬ್ಬಳೇ ಕೂತು ಜೋರಾಗಿ ಕೂಗಿಬಿಟ್ಟೆ. ಫೋನಿನ ಎರೇಸರ್ ಅಲ್ಲಿ ಬರೆದಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ನೆರಳಿನದು ಇನ್ನೂ ಚೆನ್ನಾಗಿ ಬಂದಿದೆ. ನೀಲಿ ಆಗುತ್ತದೆ ಅಂದಿದ್ದಿರಿ, ಹಾಗೇ ಆಯಿತು. ತೆಗೆದೆ. ಸಂದಿನ ಹತ್ತಿರ ಗೊತ್ತಿದ್ದೂ ಹೀಲ್ ಒತ್ತಿಬಿಟ್ಟೆ, ಮಸಿ ಒರೆಸಿದ ಹಾಗೇ ಆಯಿತು, ವಾಪಸ್ ಹೋಗಿ ಕ್ಲೋನ್ ಮಾಡಿದೆ.

ಇನ್ನು ಎರಡು ತೊಂದರೆ ಉಳಿದಿದೆ. ಒಂದು, ಬೇರೆ ಫೋಟೊದಿಂದ ಬಂದ ಚಕ್ರದ ಭಾಗ ಸ್ವಲ್ಪ ಬೆಳ್ಳಗಿದೆ. ಎರಡು, ಅಪ್ಪನ ತೋಳು ಅಮ್ಮನ ಸೊಂಟದ ನಡುವೆ ಒಂದು ಚಿಕ್ಕ ತ್ರಿಕೋನ ಸಂದಿ ಇದೆ. ಅದರೊಳಗೂ ಹಳದಿ ಕಾಣುತ್ತಿದೆ! ಇಷ್ಟು ದಿನ ನೋಡೇ ಇರಲಿಲ್ಲ.

ಕತ್ತಲೆಕೋಣೆ

ಬಹಳ ಸಂತೋಷ ಆಯಿತು. ಮೊದಲ ಸಲಕ್ಕೆ ಇದು ದೊಡ್ಡ ಕೆಲಸ.

ಬೆಳ್ಳಗಿರುವುದು ಫೋನಿನ ಆಟೊ ಎಕ್ಸ್‌ಪೋಷರ್‌ನಿಂದ. ಎರಡು ಫೋಟೊದ ನಡುವೆ ಅದು ಬೆಳಕಿನ ಲೆಕ್ಕ ಬದಲಾಯಿಸಿದೆ. ಮೇಲಿನ ಲೇಯರಿನ ಚಿತ್ರವನ್ನು ಆರಿಸಿ, ಮಾಸ್ಕನ್ನಲ್ಲ, ಇಲ್ಲಿ ಹೊಸಬರು ಎಡವುತ್ತಾರೆ. `Curves` ತೆರೆದು ಮಧ್ಯವನ್ನು ಸ್ವಲ್ಪ ಕೆಳಗೆ ಎಳೆಯಿರಿ. ಸೇರುವ ಜಾಗದಿಂದ ಕಣ್ಣನ್ನು ದೂರ ಇಟ್ಟು, ಕುರ್ಚಿ ಹಿಂದೆ ಸರಿಸಿ ನೋಡಿ. ಹತ್ತಿರದಿಂದ ಬೆಳಕಿನ ವ್ಯತ್ಯಾಸ ಗೊತ್ತಾಗುವುದಿಲ್ಲ.

ತ್ರಿಕೋನದ ಸಂದಿ ಎಲ್ಲರಿಗೂ ತಪ್ಪಿಹೋಗುವ ಜಾಗ. ಕೈ ಮತ್ತು ಮೈ ನಡುವೆ, ಕಾಲುಗಳ ನಡುವೆ, ಜಡೆಯ ಪಕ್ಕ, ಕನ್ನಡಕದ ಗಾಜಿನೊಳಗೆ. ಒಂದು ಒತ್ತಿನ ಆ್ಯಪ್ ಇದನ್ನು ಬೇರೆಯೇ ವಸ್ತು ಅಂದುಕೊಂಡು ಬಿಟ್ಟುಬಿಡುತ್ತದೆ. ಎರಡನೇ ಫೋಟೊದಲ್ಲಿ ಆ ಸಂದಿಯೊಳಗೆ ಏನು ಕಾಣುತ್ತದೆ? ಕಲ್ಲೇ ಕಂಡರೆ ಮಾಸ್ಕ್‌ನಲ್ಲೇ ಬಿಳಿ ಬಳಿಯಿರಿ.

ತುಂಗೆತೀರ

ಅದರಲ್ಲಿ ಅಪ್ಪ ಕೈ ಎತ್ತಿ ಮಾತಾಡುತ್ತಿದ್ದಾರೆ ಸರ್. ಆ ಜಾಗದಲ್ಲಿ ಅವರ ಅಂಗಿ ಇದೆ.

ಪಿಕ್ಸೆಲ್‌ಪುಟ್ಟ

ಇಲ್ಲಿ ನನ್ನ ಮಾತು ಕೇಳಿ. ಸಂದಿ ಎಷ್ಟು ದೊಡ್ಡದು? ಉಗುರಿನಷ್ಟು ಇರಬಹುದು, ಒಳಗೆ ಬರೀ ಕಲ್ಲಿನ ಬಣ್ಣ ಬೇಕು, ಕೆತ್ತನೆ ಏನೂ ಇಲ್ಲ. ಇದಕ್ಕೆ ಎರೇಸರ್ ಸಾಕು. ಗೂಗಲ್ ಫೋಟೋಸ್‌ನಲ್ಲಿ ನನಗೆ ಕ್ಯಾಮೊಫ್ಲಾಜ್ ಅಂತ ಒಂದು ಇದೆ, ಅದು ವಸ್ತು ತೆಗೆಯುವುದಿಲ್ಲ, ಬಣ್ಣವನ್ನು ಮಾತ್ರ ಸುತ್ತಲಿನದಕ್ಕೆ ಹೊಂದಿಸುತ್ತದೆ. ಹಳದಿ ಬೂದಿ ಬಣ್ಣಕ್ಕೆ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಕತ್ತಲೆಕೋಣೆ

ಸರಿಯಾದ ಮಾತು. ಆದರೆ ಫೋನಿಗೆ ಮತ್ತೆ ತೆಗೆದುಕೊಂಡು ಹೋಗುವುದು ಬೇಡ, ಗಿಂಪ್‌ನಲ್ಲೇ ಆಗುತ್ತದೆ. ನೆರಳು ಸರಿ ಮಾಡಿದ ಕೆಳಗಿನ ಲೇಯರಿಗೆ ಹೋಗಿ, ಸಂದಿಯನ್ನು `F` ಹಿಡಿದು ಆರಿಸಿಕೊಳ್ಳಿ. ಆಯ್ಕೆ ಇದ್ದಾಗ ಕ್ಲೋನ್ ಅದರ ಹೊರಗೆ ಬಣ್ಣ ಹಚ್ಚುವುದಿಲ್ಲ, ಆದ್ದರಿಂದ ಅಪ್ಪನ ತೋಳಿಗೂ ಸೀರೆಗೂ ಏನೂ ಆಗುವುದಿಲ್ಲ. ಪಕ್ಕದ ಸಾದಾ ಕಲ್ಲಿನಿಂದ ಕ್ಲೋನ್ ಮಾಡಿ ತುಂಬಿ. ಸಂದಿಯ ಅಂಚಿನಲ್ಲಿ ಅಪ್ಪನ ಅಂಗಿಯ ಮೇಲೆ ಹಳದಿಯ ಛಾಯೆ ಬಿದ್ದಿದೆಯಾ ನೋಡಿ, ಬಿಳಿ ಅಂಗಿ ಆದರೆ ಬಿದ್ದಿರುತ್ತದೆ.

ತುಂಗೆತೀರ

ಬಿಳಿ ಅಂಗಿಯೇ ಸರ್. ಈಗ ನೋಡಿದೆ, ತೋಳಿನ ಕೆಳಗೆ ತೆಳುವಾಗಿ ಹಳದಿ ಇದೆ. ಆದರೆ ಅದು ಬಿಸಿಲಿನ ಬಣ್ಣವೂ ಇರಬಹುದು ಅನಿಸುತ್ತಿದೆ, ಎಡಗಡೆಯ ತೋಳಿನಲ್ಲೂ ಸ್ವಲ್ಪ ಹಾಗೇ ಕಾಣುತ್ತದೆ. ತಂಗಿ ತೆಗೆಯಬೇಡ ಅನ್ನುತ್ತಾಳೆ.

ಹಕ್ಕಿಹಾದಿ

ಎರಡೂ ತೋಳಿನಲ್ಲಿ ಇದ್ದರೆ ಬಿಸಿಲೇ. ಬಿಡಿ, ಹಾಗೇ ಇರಲಿ.

ಕತ್ತಲೆಕೋಣೆ

ನಾನಾಗಿದ್ದರೆ ಬಲ ತೋಳಿನದನ್ನು ಅರ್ಧದಷ್ಟು ಇಳಿಸುತ್ತಿದ್ದೆ. ಆದರೆ ಫೋಟೊ ನನ್ನ ಮುಂದಿಲ್ಲ, ನಿಮ್ಮ ತಂಗಿ ಅಲ್ಲಿದ್ದವರು. ಮೊದಲು `.xcf` ಆಗಿ ಉಳಿಸಿಕೊಳ್ಳಿ, ಲೇಯರ್ ಎಲ್ಲಾ ಹಾಗೇ ಇರುತ್ತವೆ. ಪ್ರಿಂಟಿಗೆ `Ctrl+Shift+E` ಒತ್ತಿ ಜೆಪೆಗ್ ಮಾಡಿ, `Quality` 95. 12x18 ಹಾಕಿಸುವ ಮೊದಲು ಚಕ್ರ, ಭುಜ, ನೆರಳು ಇರುವ ಬಲಭಾಗವನ್ನು ಮಾತ್ರ ಕತ್ತರಿಸಿ, ಗಾತ್ರ ಬದಲಿಸದೆ, 4x6ಗೆ ಪ್ರಿಂಟ್ ಹಾಕಿಸಿ ನೋಡಿ. ಅಂದರೆ 222ರ ಲೆಕ್ಕದಲ್ಲಿ ಸುಮಾರು 1330 ಅಡ್ಡ, 890 ಉದ್ದ ಪಿಕ್ಸೆಲ್ ತುಂಡು. ದೊಡ್ಡ ಪ್ರಿಂಟಿನಲ್ಲಿ ಆ ಜಾಗ ಎಷ್ಟು ದೊಡ್ಡದಾಗಿ ಕಾಣುತ್ತದೋ ಇಲ್ಲೂ ಅಷ್ಟೇ ಕಾಣುತ್ತದೆ, ಖರ್ಚು ಸ್ವಲ್ಪವೇ. ತೋಳಿನ ಹಳದಿಯನ್ನೂ ಅದರಲ್ಲೇ ನೋಡಿ ತೀರ್ಮಾನ ಮಾಡಿ.

ತುಂಗೆತೀರ

ನಾಳೆ ಬೆಳಿಗ್ಗೆ ಲ್ಯಾಬ್‌ಗೆ ಹೋಗುತ್ತೇನೆ. ಎರಡು ತುಂಡು ಹಾಕಿಸುತ್ತೇನೆ, ಹಳದಿ ಇರುವುದು ಒಂದು, ಇಳಿಸಿದ್ದು ಒಂದು.